ದೀಪಾವಳಿ ಆಫರ್ ಯಾವ ದಿನಕ್ಕೆ?

ಸ್ವೀಟ್ ಅಂಗಡಿಯವರು ಹಬ್ಬದ ವ್ಯಾಪಾರದ ಮಾತಿಗೆ ನನ್ನನ್ನು ಕರೆದರೆ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಈ ಸಲ ಎಷ್ಟು ಪರ್ಸೆಂಟ್ ಆಫರ್ ಕೊಡೋಣ?" ನಾನು ಉತ್ತರ ಹೇಳುವ ಮೊದಲು ಹಿಂದಿನ ಅಡುಗೆಮನೆಗೆ ಹೋಗಿ ಬರುತ್ತೇನೆ. ಎಷ್ಟು ಒಲೆ ಇದೆ, ಎಷ್ಟು ಜನ ಮಾಸ್ಟರ್‌ಗಳಿದ್ದಾರೆ, ಮಾಡಿದ ಸ್ವೀಟ್ ಆರಲು ಹಾಕುವ ಟ್ರೇಗಳು ಎಷ್ಟಿವೆ ಅಂತ ನೋಡಬೇಕು. ಆಫರ್ ಎಷ್ಟಿರಬೇಕು ಅನ್ನೋದು ಅಲ್ಲಿಂದ ಬರುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಬೆಂಗಳೂರಿನ ವಿಜಯನಗರದ ಕಡೆ ಒಂದು ಹಳೇ ಅಂಗಡಿ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31, ಗುರುವಾರ. ಮರುದಿನ ರಾಜ್ಯೋತ್ಸವ, ಅದರ ಮರುದಿನ ಬಲಿಪಾಡ್ಯಮಿ. ನಾನು 29 ಮತ್ತು 30ಕ್ಕೆ ಎಲ್ಲ ಸ್ವೀಟಿಗೂ ಹತ್ತು ಪರ್ಸೆಂಟ್ ಕಡಿತ ಇಡಿಸಿದೆ. ಜನ ಬಂದರು, ಕ್ಯೂ ಫುಟ್‌ಪಾತ್ ದಾಟಿ ಪಕ್ಕದ ಮೆಡಿಕಲ್ ಸ್ಟೋರ್ ಮುಂದಕ್ಕೂ ಹೋಯಿತು. ನಾನು ಫೋಟೋ ತೆಗೆದು ಖುಷಿಪಟ್ಟೆ.

ಹಬ್ಬ ಮುಗಿದ ಮೇಲೆ ಯಜಮಾನ್ರು ಲೆಕ್ಕದ ಹಾಳೆ ಮುಂದಿಟ್ಟರು. ಎರಡು ದಿನಕ್ಕೆ ಹತ್ತಿರ ಹತ್ತಿರ 380 ಕೆಜಿ ಹೋಗಿತ್ತು. ಸರಾಸರಿ ಕೆಜಿಗೆ 700 ರೂಪಾಯಿ ಅಂದುಕೊಂಡರೆ 2,66,000 ರೂಪಾಯಿ. ಅದರಲ್ಲಿ ಹತ್ತು ಪರ್ಸೆಂಟ್ ಅಂದರೆ 26,600 ರೂಪಾಯಿ ಬಿಟ್ಟುಕೊಟ್ಟಿದ್ದೆವು. "ನೋಡಿ, ಇವರೆಲ್ಲ ಆಫರ್ ಇಲ್ಲದಿದ್ರೂ ಬರೋರೇ ಅಲ್ವಾ?" ಅಂದರು. ಹೌದು. ಹಬ್ಬದ ಹಿಂದಿನ ದಿನ ಸ್ವೀಟ್ ಇಲ್ಲದೆ ಮನೆಗೆ ಹೋಗುವವರು ಯಾರು? ಅಡುಗೆಮನೆ ಮೊದಲೇ ತುಂಬಿ ತುಳುಕುವ ದಿನಕ್ಕೆ ನಾನು ದುಡ್ಡು ಕೊಟ್ಟು ಇನ್ನೂ ಜನ ಕರೆದಿದ್ದೆ.

ಮುಂದಿನ ವರ್ಷಕ್ಕೆ ಕೂತಾಗ ನಾವು ಮೊದಲು ತೆಗೆದದ್ದು ಹಳೇ ಬಿಲ್‌ಗಳನ್ನು. ಬಿಲ್ ನೋಡುವುದರಲ್ಲೂ ಒಂದು ಮೋಸ ಇದೆ. ಹಬ್ಬದ ಹಿಂದಿನ ದಿನ ಕಾಜು ಕಟ್ಲಿ 45 ಕೆಜಿ, ಮೈಸೂರು ಪಾಕ್ 60 ಕೆಜಿ ಹೋಗಿತ್ತು. ಹಾಗಾದರೆ ಮೈಸೂರು ಪಾಕಿಗೇ ಬೇಡಿಕೆ ಜಾಸ್ತಿ ಅಂತ ಕಾಣುತ್ತದೆ. ಆದರೆ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಪ್ರತಿ ಐಟಂನ ಕೊನೇ ಬಿಲ್ ಎಷ್ಟು ಗಂಟೆಗೆ ಆಯಿತು ಅಂತ ನೋಡಿದೆವು. ಮೈಸೂರು ಪಾಕಿನದು ರಾತ್ರಿ 9.40, ಆಮೇಲೂ ಮೂರು ಕೆಜಿ ಉಳಿದಿತ್ತು. ಕಟ್ಲಿಯದು ಸಂಜೆ 4.10. ಆಫೀಸಿನಿಂದ ಜನ ಬರುವ ಹೊತ್ತಿಗೆ ಕಟ್ಲಿ ಟ್ರೇ ಖಾಲಿ! 45 ಕೆಜಿ ಅನ್ನೋದು ನಾವು ಮಾಡಿದ್ದರ ಲೆಕ್ಕ, ಜನ ಕೇಳಿದ್ದರ ಲೆಕ್ಕ ಅಲ್ಲ. ಕೌಂಟರಿನ ಹುಡುಗನನ್ನು ಕೇಳಿದರೆ, ಕಟ್ಲಿ ಇಲ್ಲ ಅಂದಾಗ ಅರ್ಧ ಜನ ಬೇರೆ ಏನೂ ತಗೊಳ್ಳದೆ ಹೋದರು ಅಂದ. ಹಾಗಾಗಿ ಕಳೆದ ವರ್ಷಕ್ಕಿಂತ ಹತ್ತು ಪರ್ಸೆಂಟ್ ಜಾಸ್ತಿ ಮಾಡೋಣ ಅನ್ನುವ ಮಾಮೂಲಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಟ್ಲಿಗೆ 70 ಕೆಜಿ ಬರೆದೆವು, ಮೈಸೂರು ಪಾಕನ್ನು ಹಾಗೇ ಬಿಟ್ಟೆವು.

ಇನ್ನೊಂದು ಮೋಸ ಕ್ಯಾಲೆಂಡರಿನದು. ಹಬ್ಬ ಪ್ರತಿ ವರ್ಷ ಬೇರೆ ತಾರೀಕಿಗೆ ಬರುವುದರಿಂದ ಹಬ್ಬದಿಂದ ಹಿಂದಕ್ಕೆ ಎಣಿಸಬೇಕು ಅಂತ ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಅದೂ ಸಾಲುವುದಿಲ್ಲ, ವಾರವನ್ನೂ ನೋಡಬೇಕು. ಯಾಕೆಂದರೆ ಈ ಊರು ಹಬ್ಬಕ್ಕೆ ಖಾಲಿಯಾಗುತ್ತದೆ. 2024ರಲ್ಲಿ ಬುಧವಾರ ಸಂಜೆ ಮೆಜೆಸ್ಟಿಕ್ ತುಂಬಿತ್ತು, ಆಫೀಸಿನವರೂ ಮನೆಯವರೂ ಒಂದೇ ದಿನ ಕೌಂಟರಿಗೆ ಮುಗಿಬಿದ್ದರು. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20, ಸೋಮವಾರ. ಬಲಿಪಾಡ್ಯಮಿ 22, ಬುಧವಾರ. ಊರಿಗೆ ಹೋಗುವವರು 17ರ ಶುಕ್ರವಾರ ಸಂಜೆಯೇ ಬಸ್ ಹತ್ತುತ್ತಾರೆ. ಆಫೀಸಿಗೆ ಬಾಕ್ಸ್ ತಲುಪಬೇಕಾದ್ದೂ ಅದೇ ಶುಕ್ರವಾರದ ಒಳಗೆ. ಇಲ್ಲೇ ಇರುವವರು ಮಾತ್ರ ಭಾನುವಾರ ಬರುತ್ತಾರೆ. ಅಂದರೆ ಒಂದು ದೊಡ್ಡ ಅಲೆಯ ಬದಲು ಎರಡು ಅಲೆ, ಮೊದಲನೆಯದು ಹಬ್ಬಕ್ಕೆ ಮೂರು ದಿನ ಮೊದಲೇ. ಹಿಂದಿನ ವರ್ಷದ ಹಾಳೆಯನ್ನು ಹಾಗೇ ಇಳಿಸಿದ್ದರೆ ಶುಕ್ರವಾರ ಟ್ರೇ ಖಾಲಿ, ಸೋಮವಾರ ಟ್ರೇ ತುಂಬ ಉಳಿಕೆ.

ಈಗ ಆಫೀಸ್ ಬಾಕ್ಸಿಗೆ ಬರುತ್ತೇನೆ. ಜಾಸ್ತಿ ಎಡವುವುದು ಇಲ್ಲೇ. ಹೊರವರ್ತುಲ ರಸ್ತೆಯ ಒಂದು ಕಂಪನಿಯಿಂದ ಅರ್ಧ ಕೆಜಿಯ 600 ಬಾಕ್ಸಿಗೆ ಕೇಳಿಕೆ ಬಂತು. ಪ್ರತಿ ಬಾಕ್ಸಿನಲ್ಲಿ 200 ಗ್ರಾಂ ಕಟ್ಲಿ, 150 ಗ್ರಾಂ ಮೈಸೂರು ಪಾಕ್, 150 ಗ್ರಾಂ ಬೇಸನ್ ಲಾಡು. ಯಜಮಾನ್ರು ಕಣ್ಣುಮುಚ್ಚಿ ಒಪ್ಪುವವರಿದ್ದರು. ನಾನು ಕಟ್ಲಿ ಒಂದನ್ನೇ ಗುಣಿಸಿದೆ: 120 ಕೆಜಿ. ಅವರ ಅಡುಗೆಮನೆಯಲ್ಲಿ ಆಗ ದಿನಕ್ಕೆ 60 ಕೆಜಿ ಕಟ್ಲಿ ಆಗುತ್ತಿತ್ತು. ಹಬ್ಬದ ಹಿಂದಿನ ದಿನದ 70ಕ್ಕೇ ಇನ್ನೊಂದು ಕೈ ಸೇರಿಸಿ ಮುಂಜಾನೆ ಬೇಗ ಶುರುಮಾಡಬೇಕಿತ್ತು. ಅಂದರೆ ಬುಧವಾರ, ಗುರುವಾರ ಎರಡೂ ದಿನ ಇಡೀ ಕಟ್ಲಿ ಒಂದೇ ಕಂಪನಿಗೆ ಹೋಗುತ್ತದೆ. ಊರಿಗೆ ಹೊರಟ ಹಳೇ ಗಿರಾಕಿಗೆ ಕೊಡಲು ಒಂದು ತುಂಡೂ ಇರುವುದಿಲ್ಲ. ಇನ್ನೂ ಮೊದಲೇ ಮಾಡಿಡೋಣ ಅಂದರೆ ಕಟ್ಲಿಗೆ ನಾವು ಹಾಕುವ ಆಯುಸ್ಸು ಏಳು ದಿನ. ಕಂಪನಿಯವರು ಶುಕ್ರವಾರ ಹಂಚಿ, ಅದು ಬುಧವಾರದ ಬಲಿಪಾಡ್ಯಮಿವರೆಗೆ ಮನೆಯಲ್ಲಿ ಇರಬೇಕಲ್ಲ.

ಕೊನೆಗೆ ಕಟ್ಲಿ 100 ಗ್ರಾಂಗೆ ಇಳಿಸಿ, ಲಾಡು 250 ಗ್ರಾಂಗೆ ಏರಿಸಿದೆವು. ಬಾಕ್ಸಿನ ಬೆಲೆಯೂ ಸ್ವಲ್ಪ ಇಳಿಯಿತು, ಕಂಪನಿಯವರು ಖುಷಿಯಾಗಿ ಒಪ್ಪಿದರು. ಕಟ್ಲಿ ಈಗ 60 ಕೆಜಿ. ಒಂದು ದಿನದ್ದು ಕಂಪನಿಗೆ, ಇನ್ನೊಂದು ದಿನದ್ದು ಕೌಂಟರಿಗೆ. ಬೇಸನ್ ಲಾಡು ಬಾಳಿಕೆ ಬರುವ ಸ್ವೀಟ್, ವಾರದ ಮೊದಲೇ ಕಟ್ಟಿ ಇಟ್ಟುಕೊಂಡೆವು.

ಮಾಡುವುದಕ್ಕಿಂತ ತುಂಬುವ ಕೆಲಸ ಕಷ್ಟ. ತೂಕ ಹಾಕಿ, ಬಟರ್ ಪೇಪರ್ ಇಟ್ಟು, ಜೋಡಿಸಿ, ಸ್ಟಿಕರ್ ಅಂಟಿಸಿದರೆ ಒಬ್ಬರ ಕೈಯಲ್ಲಿ ಗಂಟೆಗೆ 25 ಬಾಕ್ಸ್ ಆದರೆ ದೊಡ್ಡದು. ನಾಲ್ಕು ಜನ ಕೂತರೂ 600ಕ್ಕೆ ಆರು ಗಂಟೆ ಬೇಕು. ಆತುರಕ್ಕೆ ಬಿದ್ದು ಬಿಸಿ ಇರುವಾಗಲೇ ಮುಚ್ಚಳ ಹಾಕುತ್ತಾರೆ. ಒಳಗೆ ಬೆವರು ಕೂರುತ್ತದೆ, ಎರಡು ಮೂರು ದಿನಕ್ಕೆ ಬೂಷ್ಟು. ಪತ್ತೆ ಹಚ್ಚುವುದು ಸುಲಭ: ತುಂಬಿದ ಒಂದು ಬಾಕ್ಸನ್ನು ಅರ್ಧ ಗಂಟೆ ಬಿಟ್ಟು ತೆರೆದು ಮುಚ್ಚಳದ ಒಳಮೈಗೆ ಬೆರಳಾಡಿಸಿ. ತೇವ ತಾಗಿದರೆ ಆ ಟ್ರೇ ಇನ್ನೂ ಆರಬೇಕು. ನಾವು ಗುರುವಾರ ಬೆಳಗ್ಗೆ ಮೈಸೂರು ಪಾಕ್ ಹೊಯ್ದು, ಸಂಜೆವರೆಗೆ ಫ್ಯಾನ್ ಕೆಳಗೆ ಆರಿಸಿ, ರಾತ್ರಿ ಪ್ಯಾಕಿಂಗಿಗೆ ಕೂತೆವು. ಹಾಗೇ ತೂಕದ ಮಾತು: ಖಾಲಿ ಬಾಕ್ಸನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಂಡೇ ತುಂಬಬೇಕು. ಬಾಕ್ಸಿನ ತೂಕವನ್ನು ಸ್ವೀಟಿನ ಬೆಲೆಗೆ ಮಾರುವುದು ಕಾನೂನಿಗೂ ವಿರುದ್ಧ, ಗಿರಾಕಿ ಜಗಳಕ್ಕೂ ಅದೇ ಕಾರಣ.

ಆಫೀಸ್ ಆರ್ಡರ್ ಬೇಕು ಅಂದರೆ ಕೇಳಬೇಕಾದ ಸಮಯ ಬೇರೆ. ವಿಜಯದಶಮಿ ಮುಗಿಸಿ ಶುರುಮಾಡೋಣ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲಿಂದ ನರಕ ಚತುರ್ದಶಿಗೆ ಉಳಿಯುವುದು 18-19 ದಿನ. ಅಷ್ಟರಲ್ಲಿ ದೊಡ್ಡ ಕಂಪನಿಯಲ್ಲಿ ನಿಮ್ಮ ಹೆಸರು ಅವರ ಪಟ್ಟಿಗೆ ಸೇರಿ, ಮಂಜೂರಾತಿ ಬರುವುದು ಕಷ್ಟ. ಸ್ಯಾಂಪಲ್ ಬಾಕ್ಸ್ ಹಿಡಿದು ಹೋಗಲು ನನಗೆ ಇಷ್ಟವಾದ ಹೊತ್ತು ಪಿತೃಪಕ್ಷ. ಮನೆಯವರ ಖರೀದಿ ಆಗ ಮಂಕು, ಅಂಗಡಿಯಲ್ಲಿ ಬಿಡುವು ಇರುತ್ತದೆ. ಆಫೀಸಿನ ಅಡ್ಮಿನ್‌ಗೆ ಸ್ಯಾಂಪಲ್ ತಿನ್ನಲು ಪಕ್ಷ ಅಡ್ಡ ಬರುವುದಿಲ್ಲ! ಅರ್ಧ ಹಣ ಮುಂಗಡ ಕೇಳಲು ಸಂಕೋಚ ಬೇಡ. ಬಿಲ್ ಕೊಟ್ಟು ತಿಂಗಳುಗಟ್ಟಲೆ ಕಾಯುವ ಶಕ್ತಿ ಸಣ್ಣ ಅಂಗಡಿಗೆ ಇಲ್ಲ.

ಆಯುಧಪೂಜೆ ನಮಗೆ ರಿಹರ್ಸಲ್. ಪೀಣ್ಯದ ವರ್ಕ್‌ಶಾಪುಗಳಿಗೆ, ಗ್ಯಾರೇಜುಗಳಿಗೆ ಲಾಡು, ಖಾರದ ಬಾಕ್ಸ್ ಹೋಗುತ್ತದೆ. ಪ್ಯಾಕಿಂಗಿನ ಹೊಸ ಹುಡುಗರ ಕೈ ಎಷ್ಟು ಚುರುಕು ಅಂತ ಅಲ್ಲೇ ತಿಳಿಯುತ್ತದೆ. ಬಾಕ್ಸ್ ಮಾತ್ರ ಅದಕ್ಕೂ ಮೊದಲೇ ಪ್ರಿಂಟಿಗೆ ಹೋಗಿರಬೇಕು. ಅದರ ಮೇಲೆ ಹಬ್ಬದ ಹೆಸರು, ವರ್ಷ ಹಾಕಿಸಬೇಡಿ. ಸ್ಟಿಕರಿನಲ್ಲಿ ಹಾಕಿ. ಉಳಿದದ್ದು ಸಂಕ್ರಾಂತಿಗೋ ಮದುವೆ ಆರ್ಡರಿಗೋ ಆಗುತ್ತದೆ.

ಇಷ್ಟೆಲ್ಲ ಆದ ಮೇಲೆ ಆಫರ್. ಸ್ವೀಟ್ ಅಂಗಡಿಯ ಆಫರ್ ಜನರನ್ನು ಕರೆಯುವುದಕ್ಕಿಂತ ಅವರು ಬರುವ ದಿನವನ್ನು ಸರಿಸಲು ಇರಬೇಕು ಅನ್ನೋದು ನನ್ನ ಅಭಿಪ್ರಾಯ. 2025ಕ್ಕೆ ನಾವು ಹೀಗೆ ಇಟ್ಟೆವು: ಅಕ್ಟೋಬರ್ 12ರ ಭಾನುವಾರದೊಳಗೆ ಅರ್ಧ ಹಣ ಕೊಟ್ಟು ಬುಕ್ ಮಾಡಿ, 15 ಅಥವಾ 16ಕ್ಕೆ ಬಂದು ಒಯ್ದವರಿಗೆ ಎಂಟು ಪರ್ಸೆಂಟ್ ಕಡಿಮೆ. ಅದೂ ಬಾಳಿಕೆಯ ಸ್ವೀಟಿಗೆ ಮಾತ್ರ: ಗಟ್ಟಿ ಮೈಸೂರು ಪಾಕ್, ಬೇಸನ್ ಲಾಡು, ಕಟ್ಲಿ. ಹಾಲಿನ ಸ್ವೀಟು, ರಸಗುಲ್ಲಾ ಪಟ್ಟಿಯಲ್ಲೇ ಇಲ್ಲ. ಎರಡು ದಿನ ಬಾಳುವ ವಸ್ತುವನ್ನು ಐದು ದಿನ ಮೊದಲು ಕೊಟ್ಟರೆ ಹಬ್ಬದ ದಿನ ನಮ್ಮನ್ನು ಬಯ್ಯುತ್ತಾರೆ ಅಷ್ಟೇ. 2020ರ ಅಕ್ಟೋಬರ್ 1ರಿಂದ ಬಿಡಿ ಸ್ವೀಟಿನ ಟ್ರೇಗೂ ಯಾವ ದಿನದೊಳಗೆ ತಿನ್ನಬೇಕು ಅಂತ ಬರೆದಿಡಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಬಂದಿತ್ತು. ನಾವು ಆ ತಾರೀಕನ್ನೇ ದೊಡ್ಡ ಅಕ್ಷರದಲ್ಲಿ ಬಾಕ್ಸಿನ ಮೇಲೆ ಹಾಕಿದೆವು. ಮೊದಲೇ ಒಯ್ದರೆ ಹಳಸುತ್ತೋ ಏನೋ ಅನ್ನುವ ಅನುಮಾನ ಅದರಿಂದ ಹೋಯಿತು.

ಜಾಹೀರಾತಿಗೆ ಸುಮ್ನೆ ದುಡ್ಡು ಸುರಿಯಲಿಲ್ಲ. ಹಳೇ ಗಿರಾಕಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡೇ ಸಂದೇಶ. ಒಂದು 5ನೇ ತಾರೀಕು, ಪಟ್ಟಿ ಮತ್ತು ಬೆಲೆಯ ಜೊತೆ. ಇನ್ನೊಂದು 11ಕ್ಕೆ, ನಾಳೆ ಕೊನೇ ದಿನ ಅಂತ. ಕೊನೇ ಎರಡು ದಿನ ಯಾವ ಕಡಿತವೂ ಇಲ್ಲ, ಡೆಲಿವರಿ ಆ್ಯಪ್‌ಗಳೂ ಬಂದ್, ಕೌಂಟರಿನಲ್ಲಿ ಆರೇ ಬಗೆ ಸ್ವೀಟ್. ಇಪ್ಪತ್ತೆರಡು ಬಗೆ ಇಟ್ಟರೆ ಪ್ರತಿಯೊಬ್ಬರೂ ನಿಂತು ಯೋಚಿಸುತ್ತಾರೆ, ಕ್ಯೂ ಅಲ್ಲಾಡುವುದಿಲ್ಲ.

ಮುಂಗಡವಾಗಿ ಹೋದದ್ದು 130 ಕೆಜಿ. ಬಿಟ್ಟುಕೊಟ್ಟದ್ದು ಸುಮಾರು 7,500 ರೂಪಾಯಿ. ಹಿಂದಿನ ವರ್ಷದ 26,600 ಎಲ್ಲಿ, ಇದೆಲ್ಲಿ. ಭಾನುವಾರ ಕಟ್ಲಿ 70ರಲ್ಲಿ 66 ಕೆಜಿ ಹೋಯಿತು, ಕೊನೇ ಬಿಲ್ ರಾತ್ರಿ 9.15. ಆದರೆ ಶುಕ್ರವಾರ ಸಂಜೆ ಖಾರದ ಲೆಕ್ಕ ತಪ್ಪಿತ್ತು. ಬಸ್ಸಿಗೆ ಹೊರಟವರು ಸ್ವೀಟಿನ ಜೊತೆ ಕೋಡುಬಳೆ, ನಿಪ್ಪಟ್ಟು ಕೇಳಿದರು. ಏಳು ಗಂಟೆಗೆ ಡಬ್ಬಗಳು ಖಾಲಿ. ಯಜಮಾನ್ರು ಅದನ್ನು ಆಗಲೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು: "ಶುಕ್ರವಾರ, ನಿಪ್ಪಟ್ಟು, 7 ಗಂಟೆ."