ಅನ್ನ ಹೀರಿದ ನೀರು, ವಡೆ ಬಿಟ್ಟ ನೀರು: ಮ್ಯಾಕ್ರೊ ಲೆಕ್ಕ

ಮ್ಯಾಕ್ರೊ ಎಂದರೆ ಪ್ರೋಟೀನ್, ಕೊಬ್ಬು, ಕಾರ್ಬೊಹೈಡ್ರೇಟ್. ನೀರಿನಲ್ಲಿ ಈ ಮೂರೂ ಇಲ್ಲ, ಆದರೆ ತೂಕವಿದೆ. ಬೇಯಿಸಿದ, ಕರಿದ ಅಡುಗೆಯ ಮ್ಯಾಕ್ರೊ ಲೆಕ್ಕದಲ್ಲಿ ಗೊಂದಲವಾಗುವುದು ಇಲ್ಲಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ ಬಿಳಿ ಅಕ್ಕಿಗೆ ಕೊಟ್ಟಿರುವ ಅಂಕಿಗಳು ಬೇಯಿಸದ ಅಕ್ಕಿಯವು: 100 ಗ್ರಾಂಗೆ ಸುಮಾರು 356 ಕ್ಯಾಲೊರಿ, 8 ಗ್ರಾಂ ಪ್ರೋಟೀನ್, 78 ಗ್ರಾಂ ಕಾರ್ಬೊಹೈಡ್ರೇಟ್. ನಾವು ತೂಗುವುದು ಬಹುಪಾಲು ತಟ್ಟೆಯ ಅನ್ನವನ್ನು.

ಸರಿಯಾದ ದಾರಿ ಸರಳವಾಗಿದೆ. ಅಡುಗೆಗೆ ಹಾಕಿದ ಪದಾರ್ಥಗಳ ಮ್ಯಾಕ್ರೊಗಳನ್ನು ಒಣ ತೂಕದಲ್ಲಿಯೇ ಕೂಡಿಸಬೇಕು. ಆಮೇಲೆ ಆ ಮೊತ್ತವನ್ನು ಸಿದ್ಧ ಅಡುಗೆಯ ತೂಕಕ್ಕೆ ಹಂಚಬೇಕು. 200 ಗ್ರಾಂ ಸೋನಾ ಮಸೂರಿಯನ್ನು ಕುಕ್ಕರಿನಲ್ಲಿ, ನೀರು ಬಸಿಯದೆ ಬೇಯಿಸಿದೆವು ಎಂದಿಟ್ಟುಕೊಳ್ಳಿ. ಪಾತ್ರೆಯ ತೂಕ ಕಳೆದರೆ ಅನ್ನ 560 ಗ್ರಾಂ. ಒಟ್ಟು 712 ಕ್ಯಾಲೊರಿ, 16 ಗ್ರಾಂ ಪ್ರೋಟೀನ್ ಹಾಗೆಯೇ ಇವೆ, ತೂಕ ಮಾತ್ರ 2.8 ಪಟ್ಟು ಹಿಗ್ಗಿದೆ. ಅಂದರೆ 100 ಗ್ರಾಂ ಅನ್ನದಲ್ಲಿ 127 ಕ್ಯಾಲೊರಿ, 3 ಗ್ರಾಂಗೆ ತುಸು ಕಡಿಮೆ ಪ್ರೋಟೀನ್. ತಟ್ಟೆಯ 200 ಗ್ರಾಂ ಅನ್ನವನ್ನು ಅಕ್ಕಿಯ ಸಾಲಿನಲ್ಲಿ ಬರೆದುಕೊಂಡರೆ 254ರ ಜಾಗದಲ್ಲಿ 712 ಬರುತ್ತದೆ.

ಈ 2.8 ಎಂಬುದು ನಿಮ್ಮ ಮನೆಯ ಅಂಕಿ. ಪಕ್ಕದ ಮನೆಗೆ ಹೊಂದದಿರಬಹುದು. ಹಳೆಯ ಅಕ್ಕಿ ಹೆಚ್ಚು ನೀರು ಹೀರುತ್ತದೆ. ಚಿತ್ರಾನ್ನಕ್ಕೆ ಉದುರುದುರಾಗಿ ಮಾಡಿದ ಅನ್ನಕ್ಕಿಂತ ಮೊಸರನ್ನಕ್ಕೆ ಮೆತ್ತಗೆ ಮಾಡಿದ್ದು ಹೆಚ್ಚು ತೂಗುತ್ತದೆ. ಆದ್ದರಿಂದ ಅಕ್ಕಿ ಬದಲಾದಾಗ ಮತ್ತೆ ತೂಗಬೇಕು. ಗಂಜಿ ಬಸಿಯುವ ಮನೆಯಲ್ಲಿ ಇನ್ನೊಂದು ತೊಡಕಿದೆ: ಗಂಜಿಯೊಡನೆ ಪಿಷ್ಟವೂ ಹೋಗುತ್ತದೆ, ಹಾಗಾಗಿ ಒಟ್ಟು ಮೊತ್ತವೇ ತುಸು ಕುಗ್ಗುತ್ತದೆ. ಗಂಜಿಯನ್ನು ಕುಡಿದರೆ ಅದನ್ನು ಊಟದ ಲೆಕ್ಕಕ್ಕೆ ಸೇರಿಸಿ. ಚೆಲ್ಲಿದರೆ ಮೇಲಿನ ವಿಧಾನ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತದೆ ಎಂಬುದು ನೆನಪಿರಲಿ.

ನನಗೆ ಹೆಚ್ಚು ಇಷ್ಟವಾದ ಭಾಗ ಕರಿಯುವುದು, ಏಕೆಂದರೆ ಅಲ್ಲಿ ತಕ್ಕಡಿ ಒಂದೇ ಸಾಲದು. ತುಮಕೂರಿನಲ್ಲಿ ತಟ್ಟೆ ಇಡ್ಲಿಯ ಪಕ್ಕಕ್ಕೆ ಬರುವ ಉದ್ದಿನ ವಡೆಯನ್ನೇ ನೋಡೋಣ. ಇಲ್ಲಿ ನೀರು ಮೊದಲು ಒಳಗೆ ಹೋಗುತ್ತದೆ, ಆಮೇಲೆ ಹೊರಗೆ ಬರುತ್ತದೆ. 250 ಗ್ರಾಂ ಉದ್ದಿನಬೇಳೆಯನ್ನು ನೆನೆಸಿ ರುಬ್ಬಿದಾಗ ಹಿಟ್ಟು 620 ಗ್ರಾಂ ಆಯಿತು ಎನ್ನೋಣ. ಕರಿದ ವಡೆಗಳೆಲ್ಲ ಸೇರಿ 520 ಗ್ರಾಂ. 100 ಗ್ರಾಂ ನೀರು ಆವಿಯಾಗಿದೆ, ಅಷ್ಟೇ ಎಂದು ಬರೆದುಬಿಡುವವರು ಎಣ್ಣೆಯನ್ನು ಮರೆತಿದ್ದಾರೆ. ನೀರು ಹೊರಗೆ ಹೋಗುತ್ತಿರುವಾಗ ಎಣ್ಣೆ ಒಳಗೆ ಬಂದಿದೆ, ತಕ್ಕಡಿ ತೋರಿಸುವುದು ಎರಡರ ವ್ಯತ್ಯಾಸವನ್ನು ಮಾತ್ರ.

ಅದಕ್ಕಾಗಿ ಎಣ್ಣೆಯನ್ನೂ ತೂಗಬೇಕು. ಕರಿಯುವ ಮೊದಲು ಎಣ್ಣೆ ತುಂಬಿದ ಬಾಣಲೆಯ ತೂಕ ಬರೆದಿಡಿ. ಎಲ್ಲ ಮುಗಿದು ಪೂರ್ತಿ ಆರಿದ ಮೇಲೆ, ತಳದಲ್ಲಿ ಉಳಿದ ಹಿಟ್ಟಿನ ಚೂರುಗಳನ್ನು ತೆಗೆದು ಮತ್ತೆ ತೂಗಿ. ವಡೆಯನ್ನು ಕಾಗದದ ಮೇಲೆ ಇಟ್ಟಿದ್ದರೆ ಕಾಗದ ಹೀರಿದ ಎಣ್ಣೆಯನ್ನೂ ಕಳೆಯಬೇಕು. ಇಷ್ಟಾದ ಮೇಲೆ 60 ಗ್ರಾಂ ಎಣ್ಣೆ ವಡೆಗೆ ಸೇರಿದೆ ಎಂದು ಸಿಕ್ಕರೆ:

ಹೋದ ನೀರು = 620 + 60 − 520 = 160 ಗ್ರಾಂ

ಈಗ ಮ್ಯಾಕ್ರೊ. 250 ಗ್ರಾಂ ಬೇಳೆಯಿಂದ ಸುಮಾರು 810 ಕ್ಯಾಲೊರಿ, 58 ಗ್ರಾಂ ಪ್ರೋಟೀನ್. ಎಣ್ಣೆಯಿಂದ 60 × 9 = 540 ಕ್ಯಾಲೊರಿ. ಒಟ್ಟು 1,350, 520ಕ್ಕೆ ಹಂಚಿದರೆ 100 ಗ್ರಾಂ ವಡೆಗೆ 260 ಕ್ಯಾಲೊರಿ, 11 ಗ್ರಾಂ ಪ್ರೋಟೀನ್, 12 ಗ್ರಾಂ ಕೊಬ್ಬು. ಎಣ್ಣೆಯನ್ನು ಬಿಟ್ಟಿದ್ದರೆ ಕ್ಯಾಲೊರಿ 156ಕ್ಕೇ ನಿಲ್ಲುತ್ತಿತ್ತು, ಕೊಬ್ಬು 1 ಗ್ರಾಂ ಕೂಡ ತೋರುತ್ತಿರಲಿಲ್ಲ.

ಎಣ್ಣೆ ಒಳಗೆ ಹೋಗುವ ಹೊತ್ತು ಯಾವುದು ಎಂಬುದೂ ತಿಳಿದಿರಬೇಕು. ವಡೆ ಕಾದ ಎಣ್ಣೆಯಲ್ಲಿರುವಾಗ ಒಳಗಿನ ಆವಿ ಹೊರಕ್ಕೆ ನುಗ್ಗುತ್ತಾ ಎಣ್ಣೆಯನ್ನು ತಡೆಯುತ್ತದೆ. ಬಾಣಲೆಯಿಂದ ತೆಗೆದ ಮೇಲೆ ಆವಿ ತಣಿದು ನೀರಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಮೈಗಂಟಿದ ಎಣ್ಣೆಯನ್ನು ರಂಧ್ರಗಳು ಒಳಗೆ ಎಳೆದುಕೊಳ್ಳುತ್ತವೆ. ಆದ್ದರಿಂದ ತೆಗೆದ ಕೂಡಲೇ ಜಾಲರಿ ಸೌಟಿನಲ್ಲಿ ಚೆನ್ನಾಗಿ ಕೊಡವಿದ ವಡೆಗೂ, ಹಾಗೆಯೇ ತಟ್ಟೆಗೆ ಸುರಿದ ವಡೆಗೂ ಒಂದೇ ಅಂಕಿ ಹಾಕಬಾರದು.

ಕೊನೆಗೆ ಒಂದು ತಾಳೆ ನೋಡಿ. ಒಣ ಬೇಳೆ 250, ಹಿಟ್ಟು 620, ಅಂದರೆ ಸೇರಿದ ನೀರು 370 ಗ್ರಾಂ. ಹೋದ ನೀರು 160. ವಡೆಯಲ್ಲಿ ಇನ್ನೂ 210 ಗ್ರಾಂ ಉಳಿದಿರಬೇಕು, ಒಳಗೆ ಮೆತ್ತಗಿರುವ ವಡೆಗೆ ಇದು ಒಪ್ಪುವ ಅಂಕಿ. ಹೋದ ನೀರು ಸೇರಿದ ನೀರಿಗಿಂತ ಹೆಚ್ಚು ಬಂದರೆ ತೂಕದಲ್ಲಿ ಎಲ್ಲೋ ತಪ್ಪಿದೆ. ಬಾಣಲೆಯನ್ನು ತೂಗಿದ ಎರಡು ಅಂಕಿಗಳನ್ನು ಮೊದಲು ಪರೀಕ್ಷಿಸಿ.