ಇಲ್ಲದ ಗೋಡೆ: ಫ್ಲಡ್ ಫಿಲ್ ಇಲಿ ದಾರಿ ತಪ್ಪುವುದೆಲ್ಲಿ?

ಕಾರವಾರ, ಕುಮಟಾ, ಶಿರಸಿ ಕಡೆಯ ಕಾಲೇಜುಗಳಲ್ಲಿ ಮೇಜ್, ಅಂದರೆ ಗೋಡೆಗಳ ಚಕ್ರವ್ಯೂಹ, ಬಿಡಿಸುವ ‘ಇಲಿ’ ಎಂಬ ಪುಟ್ಟ ರೋಬೊ ಮಾಡುವ ಹುಡುಗರ ನಡುವೆ ತೀರದ ತಕರಾರೊಂದಿದೆ. ಬಲಗೋಡೆ ಹಿಡಿದು ಹೋಗುವ ಇಪ್ಪತ್ತು ಸಾಲಿನ ಪ್ರೋಗ್ರಾಂ ಕೆಲವೊಮ್ಮೆ ಗುರಿ ಮುಟ್ಟಿಬಿಡುತ್ತದೆ. ಗುರಿ ಎಷ್ಟು ದೂರ ಎಂದು ಮೇಜಿನ ಪ್ರತಿ ಮನೆಗೂ ಅಂಕಿ ತುಂಬಿ ದಾರಿ ಹುಡುಕುವ, ವಾರಗಟ್ಟಲೆ ಕೂತು ಬರೆದ ಫ್ಲಡ್ ಫಿಲ್ ಮಾತ್ರ ಮೇಜಿನ ನಡುವೆ ನಿಂತು ಸುಮ್ಮನೆ ಸುತ್ತುತ್ತದೆ. ‘ಫ್ಲಡ್ ಫಿಲ್ ನಂಬಬೇಡ’ ಎಂಬ ಮಾತು ಹುಟ್ಟಿದ್ದು ಹೀಗೆ. ಕ್ರಮವಿಧಿಯ ತಪ್ಪೇ ಇದು ಎಂದು ತೀರ್ಮಾನಿಸುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರ ಸುಮಾರಿಗೆ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 25 ಮನೆಗಳ ಮೇಜಿನಲ್ಲಿ ಓಡುವ ‘ಥೀಸಿಯಸ್’ ಎಂಬ ಇಲಿ ಮಾಡಿದರು. ಇಲಿಯ ಹೊಟ್ಟೆಯೊಳಗೆ ಇದ್ದದ್ದು ಅಯಸ್ಕಾಂತ ಅಷ್ಟೇ; ನೆನಪೆಲ್ಲ ಹಲಗೆಯ ಕೆಳಗಿನ ರಿಲೇಗಳಲ್ಲಿತ್ತು. 1961ರಲ್ಲಿ ಸಿ. ವೈ. ಲೀ ಸರ್ಕ್ಯೂಟ್ ಹಲಗೆಯ ಮೇಲೆ ತಂತಿಗೆ ದಾರಿ ಹುಡುಕಲು, ಒಂದು ತುದಿಯಿಂದ ಅಲೆ ಎಬ್ಬಿಸಿದಂತೆ ಅಂಕಿ ತುಂಬುತ್ತ ಹೋಗುವ ವಿಧಾನ ಬರೆದರು. ಇವತ್ತಿನ ಫ್ಲಡ್ ಫಿಲ್ ಹೆಚ್ಚುಕಡಿಮೆ ಅದೇ. 1977ರಲ್ಲಿ ಅಮೆರಿಕದ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಇಂಥ ಇಲಿಗಳಿಗಾಗಿ ಮೈಕ್ರೋಮೌಸ್ ಸ್ಪರ್ಧೆ ಘೋಷಿಸಿತು. 1979ರ ಅಂತಿಮ ಸುತ್ತಿನಲ್ಲಿ ಬೇಗ ಹೊರಬಿದ್ದದ್ದು ಬುದ್ಧಿವಂತ ಇಲಿಯಲ್ಲ, ಗೋಡೆ ಸವರಿಕೊಂಡು ಓಡಿದ ಇಲಿ. ಮರುವರ್ಷ ಲಂಡನ್ನಿನ ಸ್ಪರ್ಧೆಯಲ್ಲಿ ಗುರಿಯನ್ನು ಅಂಚಿನಿಂದ ನಡುವಿಗೆ ತಂದರು. ನಡುಮನೆಯ ಸುತ್ತಲಿನ ಗೋಡೆಗಳಿಗೆ ಹೊರಗೋಡೆಯ ನಂಟೇ ಇಲ್ಲದಂತೆ ಕಟ್ಟಿದರೆ, ಹೊರಗೋಡೆ ಹಿಡಿದವನು ಎಷ್ಟು ಸುತ್ತಿದರೂ ಹೊರಗೇ ಉಳಿಯುತ್ತಾನೆ.

ನಮ್ಮ ಕಡೆಯ ತಕರಾರಿನ ಅರ್ಧ ಇಲ್ಲೇ ಬಗೆಹರಿಯುತ್ತದೆ. ಗುರಿ ಅಂಚಿನಲ್ಲಿರುವ, ಗೋಡೆಗಳೆಲ್ಲ ಒಂದಕ್ಕೊಂದು ತಾಗಿರುವ ಮೇಜಿನಲ್ಲಿ ಬಲಗೋಡೆ ಹಿಡಿದವನು ಗೆಲ್ಲುವುದರಲ್ಲಿ ಆಶ್ಚರ್ಯವೇನಿಲ್ಲ. ಅಂಥ ಮೇಜ್ ಇಟ್ಟು ಫ್ಲಡ್ ಫಿಲ್‌ನ ಯೋಗ್ಯತೆ ಅಳೆಯುವುದು, ಬಾವಿಯಲ್ಲಿ ದೋಣಿ ಸ್ಪರ್ಧೆ ಇಟ್ಟಂತೆ. ಉಳಿದರ್ಧ ಮಾತ್ರ ನಿಜಕ್ಕೂ ತೊಡಕಿನದು. ಸರಿಯಾದ ಮೇಜಿನಲ್ಲೂ ಫ್ಲಡ್ ಫಿಲ್ ಇಲಿ ನಿಂತುಬಿಡುತ್ತದಲ್ಲ, ಅದೇಕೆ?

ಪೂರ್ಣ ಅಳತೆಯ ಮೇಜ್ 16ಕ್ಕೆ 16 ಮನೆಗಳದು. ಒಂದೊಂದು ಮನೆ 18 ಸೆಂ.ಮೀ., ಗೋಡೆಯ ದಪ್ಪ 12 ಮಿ.ಮೀ., ಎತ್ತರ 5 ಸೆಂ.ಮೀ. ವಿವರಿಸಲು ಅಷ್ಟು ದೊಡ್ಡದು ಬೇಡ. ಚೌಕಾಬಾರದ ಮಣೆ ನೆನೆಸಿಕೊಳ್ಳಿ: 5ಕ್ಕೆ 5 ಮನೆ, ನಡುಮನೆಯೇ ಹಣ್ಣಿನ ಮನೆ. ಗೋಡೆ ಎಲ್ಲೆಲ್ಲಿದೆ ಎಂದು ಇಲಿಗೆ ಇನ್ನೂ ಗೊತ್ತಿಲ್ಲ. ಹಾಗಾಗಿ ಒಳಗೋಡೆಯೇ ಇಲ್ಲ ಎಂದು ಎಣಿಸಿ, ನಡುವಿಗೆ 0 ಕೊಟ್ಟು, ಪಕ್ಕದವಕ್ಕೆ 1, ಅವುಗಳ ಪಕ್ಕಕ್ಕೆ 2 ಎಂದು ತುಂಬುತ್ತ ಹೋಗುತ್ತದೆ:

```
4 3 2 3 4
3 2 1 2 3
2 1 0 1 2
3 2 1 2 3
4 3 2 3 4
```

ಇಲಿ ಹೊರಡುವುದು ಕೆಳಗಿನ ಎಡಮೂಲೆಯಿಂದ, ಮೇಲ್ಮುಖವಾಗಿ. ನಿಯಮ ಒಂದೇ: ಗೋಡೆ ಅಡ್ಡವಿಲ್ಲದ, ತನ್ನದಕ್ಕಿಂತ ಕಡಿಮೆ ಅಂಕಿಯ ಮನೆಗೆ ಹೋಗು; ಎರಡು ಸಮ ಇದ್ದರೆ ನೇರ ಹೋಗು. ಪ್ರತಿ ಮನೆಯಲ್ಲೂ ಕಂಡ ಗೋಡೆ ಬರೆದುಕೊಂಡು ಅಂಕಿಗಳನ್ನು ಮತ್ತೆ ತುಂಬು. ಎಡಸಾಲಿನ ಮನೆಗಳನ್ನು ಕೆಳಗಿನಿಂದ ಮೇಲಕ್ಕೆ 1ರಿಂದ 5 ಎಂದು ಕರೆಯೋಣ. ಮೊದಲ ಮನೆಯ ಬಲಕ್ಕೆ ಗೋಡೆ, ಇಲಿ ಮುಂದೆ ಹೋಗುತ್ತದೆ. 2ನೇ ಮನೆಯ ಬಲ ತೆರೆದಿದೆ, ಮುಂದೆಯೂ ತೆರೆದಿದೆ, ಎರಡೂ ಕಡೆ ಅಂಕಿ 2. ನೇರ ಹೋಗಿ 3ನೇ ಮನೆ ಸೇರುತ್ತದೆ. ಅಲ್ಲಿ ಬಲಕ್ಕೆ ಗೋಡೆ. ಹೊಸದಾಗಿ ತುಂಬಿದಾಗ 3ನೇ ಮನೆಯ ಅಂಕಿ 2ರಿಂದ 4ಕ್ಕೆ ಏರುತ್ತದೆ. ಮುಂದಿನದೂ ಹಿಂದಿನದೂ 3. ಮತ್ತೆ ನೇರ, 4ನೇ ಮನೆಗೆ. ಎದುರಿಗೆ ಗೋಡೆ, ಬಲ ತೆರೆದಿದೆ. ಹಣ್ಣಿನ ಮನೆಗೆ ಇರುವ ಒಂದೇ ದಾರಿ ಅದು.

ಆದರೆ ಇಲಿ ಅಲ್ಲಿ ‘ಬಲಕ್ಕೆ ಗೋಡೆ’ ಎಂದು ಬರೆದುಕೊಂಡಿತು ಅನ್ನಿ. ಅದರ ಪಾಲಿಗೆ 4ನೇ ಮನೆ ಈಗ ಮುಚ್ಚಿದ ಓಣಿ. ಹಿಂತಿರುಗಿ 2ನೇ ಮನೆಗೆ ಬಂದು, ಅಲ್ಲಿಂದ ಬಲಕ್ಕೆ ಹೊರಳುತ್ತದೆ. ಆ ಮನೆ ನಿಜಕ್ಕೂ ಮುಚ್ಚಿದ್ದು, ಮೂರೂ ಕಡೆ ಗೋಡೆ. ಈಗ ನಡುವಿನಿಂದ ಅಲೆ ಎಬ್ಬಿಸಿದರೆ ಅದು ಇಲಿ ಓಡಾಡಿದ ಈ ಐದು ಮನೆಗಳನ್ನು ಮುಟ್ಟುವುದೇ ಇಲ್ಲ. ಇಡೀ ಮೇಜನ್ನು ಪ್ರತಿ ಸಲ ಹೊಸದಾಗಿ ತುಂಬುವ ಪ್ರೋಗ್ರಾಂ ಆದರೆ ಐದರಲ್ಲೂ ತುಂಬುವ ಮೊದಲು ಎಲ್ಲ ಮನೆಗೂ ಹಾಕಿಟ್ಟ 255 ಹಾಗೇ ಉಳಿದು, ಇಲಿ ಕಡಿಮೆ ಅಂಕಿ ಸಿಗದೆ ನಿಲ್ಲುತ್ತದೆ. ಬದಲಾದ ಮನೆಗಳನ್ನಷ್ಟೇ ತಿದ್ದುವ, ಎಲ್ಲರೂ ನಕಲು ಮಾಡಿಕೊಳ್ಳುವ ಆವೃತ್ತಿಯಾದರೆ ಇನ್ನೂ ಫಜೀತಿ. ಐದು ಮನೆಗಳು ಒಂದನ್ನೊಂದು ನೋಡಿಕೊಂಡು 5, 6, 7 ಎಂದು ಏರುತ್ತಲೇ ಹೋಗುತ್ತವೆ. ಅಂಕಿ 8 ಬಿಟ್‌ನದಾದರೆ 255 ದಾಟಿ 0ಗೆ ಮರಳುತ್ತದೆ, ಲೂಪ್ ಮುಗಿಯುವುದೇ ಇಲ್ಲ. ಹೊರಗೆ ನಿಂತವರಿಗೆ ಕಾಣುವುದು ‘ಪ್ರೋಗ್ರಾಂ ಹ್ಯಾಂಗ್ ಆಯ್ತು’ ಎಂಬುದಷ್ಟೇ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಸೆನ್ಸರ್ ಎರಡು ರೀತಿಯಲ್ಲಿ ಸುಳ್ಳು ಹೇಳಬಹುದು. ಇರುವ ಗೋಡೆಯನ್ನು ಇಲ್ಲ ಎಂದರೆ, ಇಲಿ ಆ ಕಡೆ ಹೊರಳುತ್ತದೆ, ಮುಂದಿನ ಸೆನ್ಸರ್ ಗೋಡೆ ಕಾಣುತ್ತದೆ, ನಕ್ಷೆ ಸರಿಹೋಗುತ್ತದೆ. ಹೆಚ್ಚೆಂದರೆ ಮೂಗು ಕುಟ್ಟೀತು. ಇಲ್ಲದ ಗೋಡೆಯನ್ನು ಇದೆ ಎಂದರೆ ಹಾಗಲ್ಲ. ಇಲಿ ಮತ್ತೆ ಆ ಕಡೆ ಮುಖ ಹಾಕುವುದೇ ಇಲ್ಲ, ಹಾಗಾಗಿ ತಪ್ಪು ತಾನಾಗಿ ಎಂದೂ ತಿದ್ದಿಕೊಳ್ಳುವುದಿಲ್ಲ. ಗೋಡೆ ಹಿಡಿದು ಹೋಗುವ ಇಲಿಗೆ ನೆನಪೇ ಇಲ್ಲವಾದ್ದರಿಂದ ಒಂದು ತಪ್ಪು ಓದು ಆ ಕ್ಷಣಕ್ಕೇ ಮುಗಿಯಿತು. ಫ್ಲಡ್ ಫಿಲ್ ಅದನ್ನು ಕೊನೆತನಕ ಹೊತ್ತು ತಿರುಗುತ್ತದೆ.

ಹಾಗಾದರೆ 4ನೇ ಮನೆಯಲ್ಲಿ ಆ ಗೋಡೆ ಕಂಡದ್ದಾದರೂ ಎಲ್ಲಿಂದ? ಎಲ್ಇಡಿಯ ಇನ್ಫ್ರಾರೆಡ್ ಬೆಳಕು ಗೋಡೆಗೆ ಬಡಿದು ಮರಳುವುದನ್ನು ಸೆನ್ಸರ್ ಅಳೆಯುತ್ತದೆ, ಹಾಗಾಗಿ ಎಲ್ಲರೂ ಮೊದಲು ಬೈಯುವುದು ಬಿಸಿಲನ್ನು. ನಮ್ಮ ಕರಾವಳಿಯಲ್ಲಿ ಪಡುವಣ ಕಿಟಕಿಯ ಕೋಣೆಯಲ್ಲಿ ಸಂಜೆ ಮೇಜ್ ಹಾಸಿದರೆ ಬಿಸಿಲು ಕಾಡುವುದು ನಿಜವೇ. ಆದರೆ ಅದಕ್ಕೆ ಮದ್ದು ಹಳೆಯದು. ಇನ್ಫ್ರಾರೆಡ್ ಎಲ್ಇಡಿ ಆರಿಸಿ ಒಮ್ಮೆ ಓದು, ಹಚ್ಚಿ ಇನ್ನೊಮ್ಮೆ ಓದು, ಕಳೆ. ಬಲಗಡೆಗಾದರೆ, `SR` ಸೆನ್ಸರಿನ ಪಿನ್, `ER` ಎಲ್ಇಡಿಯ ಪಿನ್:

```
dark = analogRead(SR);
digitalWrite(ER, HIGH);
delayMicroseconds(80);
lit = analogRead(SR);
digitalWrite(ER, LOW);
diff = lit - dark;
```

ಹೀಗೆ ಕಳೆದ ಮೇಲೆ ಬಿಸಿಲು ಗೋಡೆ ಹುಟ್ಟಿಸುವುದಿಲ್ಲ. ನೇರ ಬಿಸಿಲು ಬಿದ್ದರೆ `dark` ತಾನೇ ಓದಿನ ಗರಿಷ್ಠ ಅಂಕಿಯಾದ 1023ರ ಹತ್ತಿರ ಹೋಗಿ, ಕಳೆದಾಗ ಏನೂ ಉಳಿಯದೆ ಇರುವ ಗೋಡೆ ಮಾಯವಾಗುತ್ತದೆ. `dark` 900 ದಾಟಿದರೆ ‘ಗೊತ್ತಿಲ್ಲ’ ಎಂದು ಬರೆದುಕೊಳ್ಳುವುದು ಒಳ್ಳೆಯದು. ಅಗ್ಗವೆಂದು ಟಿಸಿಆರ್‌ಟಿ5000 ಸೆನ್ಸರ್ ಹಾಕುವವರಿಗೂ ಒಂದು ಮಾತು: ಅದು ಕೆಲವೇ ಮಿ.ಮೀ. ದೂರದ ನೆಲದ ಗೆರೆ ಓದಲು ಇರುವುದು. 8 ಸೆಂ.ಮೀ. ಅಗಲದ ಇಲಿಗೆ ಪಕ್ಕದ ಗೋಡೆ 4.4 ಸೆಂ.ಮೀ. ದೂರದಲ್ಲಿರುತ್ತದೆ.

ಇಲ್ಲದ ಗೋಡೆಯ ಮೂಲ ಬಹುಪಾಲು ಚಕ್ರದಲ್ಲಿದೆ. ಚಕ್ರದ ವ್ಯಾಸ 32 ಮಿ.ಮೀ. ಎಂದು ಪ್ರೋಗ್ರಾಂನಲ್ಲಿ ಬರೆದಿದೆ, ರಬ್ಬರ್ ಸವೆದೋ ಭಾರಕ್ಕೆ ಅಮುಕಿಯೋ ನಿಜಕ್ಕೂ 31 ಇದೆ ಅನ್ನಿ. 180 ಮಿ.ಮೀ. ಓಡಿದೆ ಎಂದು ಚಕ್ರದ ಸುತ್ತು ಎಣಿಸುವ ಎನ್‌ಕೋಡರ್ ಹೇಳುವಾಗ ಓಡಿದ್ದು 174.4. ಮನೆಗೆ 5.6 ಮಿ.ಮೀ. ಸಾಲ. ಮೂರು ಮನೆ ದಾಟಿ 4ನೆಯದಕ್ಕೆ ಬರುವಷ್ಟರಲ್ಲಿ ಸಾಲ 17 ಮಿ.ಮೀ. ಮನೆಯ ಗಡಿ ದಾಟಿ 20 ಮಿ.ಮೀ. ಆದ ಮೇಲೆ ಪಕ್ಕದ ಗೋಡೆ ಓದು ಎಂದು ಬರೆದಿದ್ದರೆ, ಸೆನ್ಸರ್ ಓದುವುದು ಗಡಿಯಿಂದ ಬರೀ 3 ಮಿ.ಮೀ. ಆಚೆ. ಗಡಿಯಲ್ಲಿ ನಿಂತಿರುವ ಗೋಡೆಕಂಬ 12 ಮಿ.ಮೀ. ದಪ್ಪ, ಗಡಿಯ ಆಚೆಗೂ 6 ಮಿ.ಮೀ. ಚಾಚಿಕೊಂಡಿದೆ. ಇಲಿ ನೋಡಿದ್ದು ಆ ಕಂಬವನ್ನು. ಸೆನ್ಸರ್ ನಿಜವನ್ನೇ ಹೇಳಿತು, ಆದರೆ ಬೇರೆ ಜಾಗದ ನಿಜವನ್ನು. ಮಳೆಗಾಲದಲ್ಲಿ ಪ್ಲೈವುಡ್ ಉಬ್ಬಿ ಹಲಗೆಗಳ ಸಂದಿ ಎದ್ದುಬಿಟ್ಟರೆ, ಕಾಲಿಗಂಟಿ ಬಂದ ಹೊಯ್ಗೆ ನೆಲದ ಮೇಲೆ ಉದುರಿದ್ದರೆ, ಚಕ್ರ ಜಾರಿ ಈ ಸಾಲ ಇನ್ನೂ ಬೇಗ ಬೆಳೆಯುತ್ತದೆ.

ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಇಲಿ ನಿಂತ ಮೇಲೆ ಗೋಡೆಯ ಪಟ್ಟಿಯನ್ನು ಸೀರಿಯಲ್‌ನಲ್ಲಿ ಹೊರಗೆ ತೆಗೆದು ಮೇಜಿನ ಪಕ್ಕ ಇಟ್ಟು ನೋಡಿ. ಇಲ್ಲದ ಗೋಡೆ ಬರೆದ ಕಡೆಯೆಲ್ಲ ಹಿಂದಿನ ಮನೆಯಲ್ಲಿ ನಿಜವಾದ ಗೋಡೆ ಇದ್ದು, ತಪ್ಪುಗಳು ಉದ್ದನೆಯ ನೇರ ಓಟದ ಕೊನೆಗೇ ಬಂದಿದ್ದರೆ, ತಪ್ಪು ಬೆಳಕಿನದಲ್ಲ, ದೂರದ್ದು. ಬೆಳಕಿನ ತಪ್ಪು ಮೇಜಿನ ಒಂದೇ ಮಗ್ಗುಲಿಗೆ ಅಂಟಿಕೊಂಡಿರುತ್ತದೆ.

ಪರಿಹಾರದಲ್ಲಿ ಮೊದಲನೆಯದು ಓದುವ ಜಾಗ. ಗಡಿಯಿಂದ 40ರಿಂದ 80 ಮಿ.ಮೀ. ನಡುವೆ ಐದು ಸಲ ಓದಿ, ಐದರಲ್ಲಿ ನಾಲ್ಕಾದರೂ ಹೌದು ಎಂದಾಗ ಮಾತ್ರ ಗೋಡೆ ಬರೆಯಬೇಕು. ಅನುಮಾನವಿದ್ದರೆ ‘ತೆರೆದಿದೆ’ ಎಂದೇ ಇಟ್ಟುಕೊಳ್ಳುವುದು ವಾಸಿ, ಆ ತಪ್ಪು ತಿದ್ದಿಕೊಳ್ಳುವಂಥದ್ದು. ಆದರೆ ಇದೊಂದೇ ಸಾಲದು. ನೇರಕ್ಕೆ ಹತ್ತು ಮನೆ ಓಡಿದರೆ ಸಾಲ 56 ಮಿ.ಮೀ. ಆಗಿ, 40 ಎಂಬುದು ಹಿಂದಿನ ಮನೆಯೊಳಗೇ ಬೀಳುತ್ತದೆ. ಅದಕ್ಕೆ ಎರಡನೆಯ ಉಪಾಯ: ಪಕ್ಕದ ಗೋಡೆ ಮುಗಿದು ಓದು ತಟ್ಟನೆ ಇಳಿಯುವ ಕ್ಷಣವನ್ನು ಹಿಡಿಯುವುದು. ಆ ಕ್ಷಣ ಸೆನ್ಸರ್ ಇರುವುದು ಕಂಬದ ಆಚೆ ಅಂಚಿನಲ್ಲಿ, ಅಂದರೆ ಗಡಿಯಿಂದ 6 ಮಿ.ಮೀ. ನಮ್ಮ 4ನೇ ಮನೆಯಲ್ಲಿ ಎನ್‌ಕೋಡರ್ ಆಗ 23 ಎನ್ನುತ್ತಿರುತ್ತದೆ. ಅದನ್ನು ಅಳಿಸಿ 6 ಬರೆದರೆ ಸಾಲ ಅಲ್ಲೇ ತೀರಿತು. ಸೆನ್ಸರ್ ನೇರ ಪಕ್ಕಕ್ಕೆ ನೋಡದೆ ಓರೆಯಾಗಿದ್ದರೆ ಈ 6ರ ಬದಲು ನಿಮ್ಮ ಇಲಿಯನ್ನು ಕೈಯಲ್ಲಿ ತಳ್ಳಿ ಅಳೆದ ಅಂಕಿ ಹಾಕಬೇಕು.

ಮೂರನೆಯದು, ಇಷ್ಟಾದ ಮೇಲೂ ಇಲಿ ಸಿಕ್ಕಿಬಿದ್ದರೆ. ಗುರಿಗೆ ದಾರಿಯೇ ಇಲ್ಲದ ಮೇಜನ್ನು ಸ್ಪರ್ಧೆಯಲ್ಲಿ ಯಾರೂ ಕಟ್ಟುವುದಿಲ್ಲ. ಆದ್ದರಿಂದ ಅಲೆ ಇಲಿಯನ್ನು ಮುಟ್ಟದಿದ್ದರೆ ನಕ್ಷೆಯಲ್ಲಿ ಸುಳ್ಳು ಗೋಡೆ ಇರುವುದು ಖಾತ್ರಿ. ಪ್ರತಿ ಗೋಡೆಯ ಜೊತೆ, ಅದನ್ನು ಎದುರಿನಿಂದ ಕಂಡದ್ದೋ ಪಕ್ಕದಿಂದ ಒಮ್ಮೆ ಕಂಡದ್ದೋ ಎಂದು ಒಂದು ಬಿಟ್ ಇಟ್ಟುಕೊಳ್ಳಿ. ಸಿಕ್ಕಿಬಿದ್ದಾಗ ಹೊರಗೋಡೆಯನ್ನೂ ಎದುರಿನಿಂದ ಕಂಡವನ್ನೂ ಉಳಿಸಿ, ಒಮ್ಮೆ ಮಾತ್ರ ಪಕ್ಕದಿಂದ ಕಂಡವನ್ನು ಅಳಿಸಿ, ಮತ್ತೆ ತುಂಬಿ, ವೇಗ ಇಳಿಸಿ ಹೊರಡಲಿ. ನಮ್ಮ ಉದಾಹರಣೆಯಲ್ಲಿ ಕೆಲವು ನಿಜವಾದ ಗೋಡೆಗಳೂ ಅಳಿಯುತ್ತವೆ. ಇಲಿ ಅವುಗಳನ್ನು ಮತ್ತೆ ಕಂಡು ಬರೆದುಕೊಳ್ಳುತ್ತದೆ. ಕೊನೆಗೆ 4ನೇ ಮನೆಯಲ್ಲಿ ಬಲಕ್ಕೆ ಹೊರಳುತ್ತದೆ.

ಇವೆಲ್ಲಕ್ಕೂ ಮೊದಲು ಒಂದು ಅಳತೆಪಟ್ಟಿಯ ಕೆಲಸ ಇದೆ. ಗೋಡೆ ತೆಗೆದ ಮೇಜಿನ ಮೇಲೆ ಒಂಬತ್ತು ಮನೆ, ಅಂದರೆ 1620 ಮಿ.ಮೀ., ನೇರ ಓಡು ಎಂದು ಇಲಿಗೆ ಹೇಳಿ, ಹೊರಟಲ್ಲೂ ನಿಂತಲ್ಲೂ ಸೀಮೆಸುಣ್ಣದ ಗುರುತು ಹಾಕಿ. ನಿಂತದ್ದು 1570ರಲ್ಲಾದರೆ 32ನ್ನು 1570ರಿಂದ ಗುಣಿಸಿ 1620ರಿಂದ ಭಾಗಿಸಿ. ಬರುವುದು 31.0. ಪ್ರೋಗ್ರಾಂನಲ್ಲಿ ತಿದ್ದಬೇಕಾದ ಅಂಕಿ ಅದೇ, ಟೈರ್ ಬದಲಿಸಿದಾಗಲೆಲ್ಲ ಮತ್ತೆ.