ದ್ರವ ತಗುಲಿದ ಫೋನ್ ರಿಕವರಿ ಮೋಡ್‌ನಲ್ಲೇ ನಿಲ್ಲುವುದೇಕೆ, ಮಧ್ಯೆ ಮಧ್ಯೆ ತಾನೇ ಸರಿಹೋಗುವುದೇಕೆ?

ಪ್ರಶ್ನೆ: ಕೆಲವು ವಾರಗಳ ಹಿಂದೆ ನನ್ನ ಆಂಡ್ರಾಯ್ಡ್ ಫೋನಿನ ಮೇಲೆ ಹಣ್ಣಿನ ರಸ ಚೆಲ್ಲಿತು. ಕೂಡಲೇ ಒರೆಸಿ, ಆಫ್ ಮಾಡಿ, ಎರಡು ದಿನ ಒಣಗಲು ಬಿಟ್ಟೆ. ಆಮೇಲೆ ಫೋನ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಈಗ ಬೆಳಿಗ್ಗೆ ಆನ್ ಮಾಡಿದರೆ ರಿಕವರಿ ಮೋಡ್‌ನ ಪಟ್ಟಿ ಬರುತ್ತದೆ. Reboot system now ಆಯ್ದರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಚಾರ್ಜಿಗೆ ಹಾಕಿಟ್ಟು ಪ್ರಯತ್ನಿಸಿದರೆ ಒಮ್ಮೊಮ್ಮೆ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ. ಇದು ಸಾಫ್ಟ್‌ವೇರ್ ದೋಷವೇ? ಫ್ಯಾಕ್ಟರಿ ರಿಸೆಟ್ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಫ್ಯಾಕ್ಟರಿ ರಿಸೆಟ್ ಮಾಡಬೇಡಿ. ನೀವು ಹೇಳಿದ ಲಕ್ಷಣಗಳನ್ನೆಲ್ಲ ಒಟ್ಟಿಗೆ ನೋಡಿದರೆ ಸಾಫ್ಟ್‌ವೇರ್ ಕೆಟ್ಟಿರುವ ಸಾಧ್ಯತೆಗಿಂತ, ವಾಲ್ಯೂಮ್ ಬಟನ್ನಿನ ತಂತು ಸದಾ ಒತ್ತಿದ ಸ್ಥಿತಿಯಲ್ಲಿರುವಂತೆ ಫೋನಿಗೆ ಕಾಣುತ್ತಿರುವ ಸಾಧ್ಯತೆಯೇ ಹೆಚ್ಚು. ಆ ದೋಷಕ್ಕೆ ರಿಸೆಟ್ ಮದ್ದಲ್ಲ. ಅದರಿಂದ ನಿಮ್ಮ ಫೋಟೋಗಳೂ ಸಂದೇಶಗಳೂ ಅಳಿಸಿಹೋಗುತ್ತವೆ, ಫೋನ್ ಮಾತ್ರ ಮರುದಿನ ಬೆಳಿಗ್ಗೆ ಮತ್ತೆ ಅದೇ ಪಟ್ಟಿಯನ್ನು ತೋರಿಸುತ್ತದೆ.

ಫೋನ್ ಶುರುವಾಗುವಾಗ ಆಂಡ್ರಾಯ್ಡ್‌ಗಿಂತ ಮೊದಲು ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಓಡುತ್ತದೆ. ಅದು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಆ ಕ್ಷಣದಲ್ಲಿ ಯಾವ ಬಟನ್ ಒತ್ತಿದೆ ಎಂದು ನೋಡುವುದು. ಅನೇಕ ಮಾದರಿಗಳಲ್ಲಿ ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತಿದ್ದರೆ ದುರಸ್ತಿಗೆಂದು ಇರುವ ರಿಕವರಿ ಮೋಡ್, ಕಡಿಮೆ ಮಾಡುವ ಬಟನ್ ಒತ್ತಿದ್ದರೆ ಕಂಪ್ಯೂಟರಿನಿಂದ ಸಾಫ್ಟ್‌ವೇರ್ ತುಂಬಲು ಬಳಸುವ ಫಾಸ್ಟ್‌ಬೂಟ್ ತೆರೆಯುತ್ತದೆ. ಇದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಇನ್ನು ಕೆಲವು ಮಾದರಿಗಳು ಪವರ್ ಬಟನ್ನೂ ಜೊತೆಗೆ ಒತ್ತಿರಬೇಕೆಂದು ಕೇಳುತ್ತವೆ, ಆದರೆ ಫೋನ್ ಆನ್ ಮಾಡುವವರ ಬೆರಳು ಹೇಗೂ ಅದರ ಮೇಲೆಯೇ ಇರುತ್ತದೆ. ಹೀಗಾಗಿ ವಾಲ್ಯೂಮ್ ತಂತು ಒತ್ತಿದಂತೆ ಕಂಡರೆ ಸಾಕು, ಯಾರೂ ಕೇಳದ ರಿಕವರಿ ಮೋಡ್ ತೆರೆದುಕೊಳ್ಳುತ್ತದೆ.

ಬಟನ್ ಒತ್ತಿದೆಯೋ ಇಲ್ಲವೋ ಎಂಬುದನ್ನು ಫೋನ್ ತಿಳಿಯುವುದು ವೋಲ್ಟೇಜ್ ನೋಡಿ. ಸಾಮಾನ್ಯವಾಗಿ ಆ ತಂತುವನ್ನು ಚಿಪ್ಪಿನೊಳಗಿನ ಒಂದು ದೊಡ್ಡ ರೋಧಕ ಸುಮಾರು 1.8 ವೋಲ್ಟ್‌ಗೆ ಎಳೆದು ಹಿಡಿದಿರುತ್ತದೆ. ಬಟನ್ ಒತ್ತಿದಾಗ ತಂತು ಗ್ರೌಂಡ್‌ಗೆ ಸೇರಿ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ. ಈ ಏರ್ಪಾಡು ವಿದ್ಯುತ್ತನ್ನು ಉಳಿಸುತ್ತದೆ, ಆದರೆ ತಂತು ತೀರ ದುರ್ಬಲವಾಗಿ ಮೇಲೆ ಹಿಡಿಯಲ್ಪಟ್ಟಿರುವುದರಿಂದ ಸಣ್ಣ ಸೋರಿಕೆಯೂ ಅದನ್ನು ಕೆಳಕ್ಕೆ ಎಳೆಯಬಲ್ಲದು. ಲೆಕ್ಕಕ್ಕಾಗಿ ಆ ರೋಧಕ 100 ಕಿಲೋಓಮ್ ಎಂದುಕೊಳ್ಳೋಣ, 0.63 ವೋಲ್ಟ್‌ಗಿಂತ ಕೆಳಗಿದ್ದರೆ ಒತ್ತಿದೆ ಎಂದೂ 1.17 ವೋಲ್ಟ್‌ಗಿಂತ ಮೇಲಿದ್ದರೆ ಒತ್ತಿಲ್ಲ ಎಂದೂ ಚಿಪ್ ಓದುತ್ತದೆ ಎಂದುಕೊಳ್ಳೋಣ. ಬಟನ್ನಿನ ಬುಡದಲ್ಲಿ ಕಿಲುಬು ಕಟ್ಟಿ ಗ್ರೌಂಡ್‌ಗೆ 50 ಕಿಲೋಓಮ್‌ನ ದಾರಿ ಉಂಟಾದರೆ ತಂತುವಿನಲ್ಲಿ ಉಳಿಯುವುದು 0.6 ವೋಲ್ಟ್ ಮಾತ್ರ, ಅಂದರೆ ಬಟನ್ ಒತ್ತಿದಂತೆ. ಅದೇ ದಾರಿ ಒಣಗಿ 200 ಕಿಲೋಓಮ್‌ಗೆ ಏರಿದರೆ 1.2 ವೋಲ್ಟ್ ಸಿಗುತ್ತದೆ, ಬಟನ್ ಬಿಟ್ಟಂತೆ. ಇವೆರಡರ ನಡುವಿನ ವೋಲ್ಟೇಜ್‌ನಲ್ಲಿ ಚಿಪ್ ಯಾವ ಕಡೆಗೂ ವಾಲಬಹುದು. ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸರಿಹೋಗುವ ಫೋನಿನಲ್ಲಿ ಬದಲಾಗಿರುವುದು ಬಹುಶಃ ಇಷ್ಟೇ.

ಆ ದಾರಿ ಒಣಗುವುದೂ ಮತ್ತೆ ಒದ್ದೆಯಾಗುವುದೂ ಹೇಗೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು. ಚೆಲ್ಲಿದ ರಸದ ನೀರು ಎರಡು ದಿನಗಳಲ್ಲಿ ಆರಿರಬಹುದು, ಆದರೆ ಅದರಲ್ಲಿದ್ದ ಸಕ್ಕರೆ, ಆಮ್ಲ ಮತ್ತು ಲವಣಗಳು ಬೋರ್ಡಿನ ಮೇಲೆಯೇ ಉಳಿದಿವೆ. ತೇವದ ದಿನಗಳಲ್ಲಿ ಡಬ್ಬಿಯ ಉಪ್ಪು ನೀರೊಡೆಯುವಂತೆ ಈ ಪದರವೂ ಗಾಳಿಯ ತೇವವನ್ನು ಹೀರಿ, ವಿದ್ಯುತ್ ಹರಿಯಬಲ್ಲ ದ್ರಾವಣವಾಗುತ್ತದೆ. ಶುದ್ಧವಾದ ಅಡುಗೆ ಉಪ್ಪು ಹಾಗಾಗುವುದು ಸಾಪೇಕ್ಷ ತೇವಾಂಶ ಸುಮಾರು 75 ಶೇಕಡಾ ಮುಟ್ಟಿದಾಗ. ಸಕ್ಕರೆಯೂ ಹಲವು ಲವಣಗಳೂ ಬೆರೆತ ಪದರ ಅದಕ್ಕಿಂತ ಕಡಿಮೆಯಲ್ಲೇ ಒದ್ದೆಯಾಗಬಹುದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 80 ಶೇಕಡಾ ತೇವಾಂಶವಿದ್ದ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ಹನಿಯನ್ನೂ ಹೊರತೆಗೆಯದೆಯೇ ಅದರ ಸಾಪೇಕ್ಷ ತೇವಾಂಶ ಸುಮಾರು 45 ಶೇಕಡಾಗೆ ಇಳಿಯುತ್ತದೆ. ಚಾರ್ಜಿಗೆ ಹಾಕಿದ ಫೋನ್ ಇಷ್ಟು ಬೆಚ್ಚಗಾಗುವುದು ಸಹಜ. ಆಗ ಪದರ ಒಣಗುತ್ತದೆ, ಸೋರಿಕೆ ಕಡಿಮೆಯಾಗುತ್ತದೆ, ಬೂಟ್‌ಲೋಡರ್‌ಗೆ ಬಟನ್ ಬಿಟ್ಟಂತೆ ಕಾಣುತ್ತದೆ. ರಾತ್ರಿ ಆಫ್ ಆಗಿ ತಣ್ಣಗೆ ಬಿದ್ದಿದ್ದ ಫೋನಿನಲ್ಲಿ ಪದರ ಮತ್ತೆ ಒದ್ದೆಯಾಗಿರುತ್ತದೆ.

ಹಾಗಾದರೆ ಮೊದಲ ವಾರಗಳಲ್ಲಿ ಏನೂ ಆಗಲಿಲ್ಲವೇಕೆ? ಕಿಲುಬು ಕಟ್ಟಲು ಸಮಯ ಬೇಕು, ಮತ್ತು ಅದಕ್ಕೆ ತೇವದ ಜೊತೆಗೆ ವೋಲ್ಟೇಜ್ ಕೂಡ ಬೇಕು. ಒದ್ದೆ ಪದರದ ಮೇಲೆ ಧನ ವೋಲ್ಟೇಜ್ ಇರುವ ಕಡೆಯಿಂದ ತಾಮ್ರ ಅಥವಾ ತವರ ಅಯಾನುಗಳಾಗಿ ಕರಗುತ್ತದೆ, ಋಣ ಬದಿಗೆ ಸರಿದು ಅಲ್ಲಿ ಮತ್ತೆ ಲೋಹವಾಗಿ ಕೂರುತ್ತದೆ. ಹೀಗೆ ಕವಲೊಡೆಯುವ ಲೋಹದ ಎಳೆಗಳು ಬೆಳೆಯುತ್ತ ಬಂದು ಒಂದು ದಿನ ಎರಡು ತುದಿಗಳನ್ನು ಮುಟ್ಟಿಸುತ್ತವೆ. ಬ್ಯಾಟರಿಯ ನೇರ ತಂತುವಿನಲ್ಲಿ ಇಂಥ ಎಳೆ ಮುಟ್ಟಿದರೆ ಹೆಚ್ಚು ವಿದ್ಯುತ್ ಹರಿದು ಎಳೆಯೇ ಸುಟ್ಟುಹೋಗಬಹುದು. ದೋಷ ಮಾಯವಾದಂತೆ ಕಂಡು, ಎಳೆ ಮತ್ತೆ ಬೆಳೆದಾಗ ಮರುಕಳಿಸುತ್ತದೆ. ಬಟನ್ನಿನ ತಂತುವಿನಲ್ಲಿ ಹರಿಯುವ ವಿದ್ಯುತ್ ಎಷ್ಟು ಕಡಿಮೆಯೆಂದರೆ ಎಳೆ ಸುಡುವುದಿಲ್ಲ, ಅದು ಅಲ್ಲೇ ಉಳಿಯುತ್ತದೆ. ಫೋನ್ ಆಫ್ ಮಾಡಿಟ್ಟರೂ ಬ್ಯಾಟರಿ ಬೋರ್ಡಿಗೆ ಜೋಡಿಸಿಯೇ ಇರುವುದರಿಂದ ಕೆಲವು ತಂತುಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಅಕ್ಕಿಯೊಳಗೆ ಹೂತಿಡುವ ಸಲಹೆಯ ಬಗ್ಗೆ ನನಗೆ ನಂಬಿಕೆಯಿಲ್ಲದಿರುವುದೂ ಈ ಕಾರಣಕ್ಕೇ: ಅದು ಲವಣವನ್ನೂ ತೆಗೆಯುವುದಿಲ್ಲ, ವೋಲ್ಟೇಜನ್ನೂ ತೆಗೆಯುವುದಿಲ್ಲ.

ಇದು ನಿಜವಾಗಿ ಬಟನ್ನಿನ ದೋಷವೇ ಎಂದು ತಿಳಿಯಲು ಮೊದಲು ಪರದೆಯನ್ನು ಓದಿ. Can't load Android system. Your data may be corrupt ಎಂಬ ಸಂದೇಶ ಇದ್ದರೆ ಆಂಡ್ರಾಯ್ಡ್ ಶುರುವಾಗಲು ಪ್ರಯತ್ನಿಸಿ ಸೋತಿದೆ ಎಂದರ್ಥ. ಆಗ ಮೆಮೊರಿ ಚಿಪ್ಪಿನ ಕಡೆಗೋ ಕೆಟ್ಟ ಸಾಫ್ಟ್‌ವೇರ್ ಕಡೆಗೋ ಅನುಮಾನ ಹೋಗಬೇಕು, ಅಲ್ಲಿಯೂ ಮೊದಲು Try again ಆಯ್ಕೆಯನ್ನೇ ಬಳಸಬೇಕು. ಯಾವ ದೂರೂ ಇಲ್ಲದೆ ಬರೀ ಪಟ್ಟಿ ಮಾತ್ರ ಬಂದಿದ್ದರೆ ಬಟನ್ನಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಪಟ್ಟಿಯಲ್ಲಿ ಎರಡೂ ವಾಲ್ಯೂಮ್ ಬಟನ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ. ಸೋರುವ ತಂತು ಆಗಲೇ ಒತ್ತಿದ ಸ್ಥಿತಿಯಲ್ಲಿರುವುದರಿಂದ ಆ ಬಟನ್ನನ್ನು ಎಷ್ಟು ಒತ್ತಿದರೂ ಆಯ್ಕೆ ಕದಲುವುದಿಲ್ಲ, ಇನ್ನೊಂದು ಬಟನ್ ಸರಿಯಾಗಿ ಕೆಲಸ ಮಾಡುತ್ತದೆ. ವೋಲ್ಟೇಜ್ ಗಡಿಯ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಆಯ್ಕೆ ತಾನಾಗಿಯೇ ಜಾರುತ್ತದೆ. ಇದು ಅಪಾಯದ ಸ್ಥಿತಿ, ಏಕೆಂದರೆ ನೀವು ಪವರ್ ಬಟನ್ ಒತ್ತುವ ಕ್ಷಣಕ್ಕೆ ಅದು Wipe data/factory reset ಮೇಲೆ ಬಂದು ನಿಂತಿರಬಹುದು. ಹಾಗಾಗಿ ಅಲ್ಲಿ ಪವರ್ ಬಟನ್ ಮುಟ್ಟಬೇಡಿ. ಫೋನ್ ಸರಿಯಾಗಿ ತೆರೆದುಕೊಂಡ ದಿನಗಳಲ್ಲಿಯೂ ಸುಳಿವು ಸಿಗುತ್ತದೆ: ವಾಲ್ಯೂಮ್ ಪಟ್ಟಿ ತಾನಾಗಿ ಮೂಡುವುದು, ಶಬ್ದ ಗರಿಷ್ಠಕ್ಕೆ ಏರುವುದು, ಅಥವಾ ಪರದೆ ಆರಿಸಲು ಪವರ್ ಒತ್ತಿದಾಗ ಸ್ಕ್ರೀನ್‌ಶಾಟ್ ಆಗಿಬಿಡುವುದು.

ಒಮ್ಮೆ ಸರಿಯಾಗಿ ಶುರುವಾದರೆ ಅದನ್ನು ಮತ್ತೆ ಆಫ್ ಮಾಡುವ ಮೊದಲು ನಿಮ್ಮ ಮಾಹಿತಿಯನ್ನೆಲ್ಲ ಬ್ಯಾಕಪ್ ಮಾಡಿಕೊಳ್ಳಿ. ಬೂಟ್‌ಲೋಡರ್ ಬಟನ್ನನ್ನು ನೋಡುವುದು ಶುರುವಿನಲ್ಲಿ ಮಾತ್ರ; ಆಂಡ್ರಾಯ್ಡ್ ತೆರೆದ ಮೇಲೆ ಅದೇ ದೋಷ ಬರೀ ಕಿರಿಕಿರಿಯಾಗಿ ಉಳಿಯುತ್ತದೆ, ಬಾಗಿಲು ಮುಚ್ಚುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ನೋಡೋಣ ಎಂದು ಹೊರಡಬೇಡಿ, ಏಕೆಂದರೆ ಅಪ್‌ಡೇಟ್ ಪೂರ್ತಿಯಾಗಲು ಫೋನ್ ಮರುಶುರುವಾಗಬೇಕಾಗುತ್ತದೆ. ಚಾರ್ಜಿಗೆ ಹಾಕಿ ಬೆಚ್ಚಗಾಗಿಸುವ ಉಪಾಯವನ್ನು ಬ್ಯಾಕಪ್ ಆಗುವವರೆಗೆ ಮಾತ್ರ ಬಳಸಿ. ಒದ್ದೆ ಪದರಕ್ಕೆ ವೋಲ್ಟೇಜ್ ಕೊಟ್ಟಷ್ಟೂ ಕಿಲುಬು ಮುಂದುವರಿಯುತ್ತದೆ. ಚಾರ್ಜಿಂಗ್ ಕಿಂಡಿಯೇ ಒದ್ದೆಯಾಗಿದ್ದರೆ, ಅಥವಾ ಫೋನ್ ಅಸಹಜವಾಗಿ ಬಿಸಿಯಾದರೆ, ಅಷ್ಟನ್ನೂ ಮಾಡಬಾರದು.

ರಿಪೇರಿ ಮಾಡುವವರು ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ಆಮೇಲೆ ಮಲ್ಟಿಮೀಟರ್‌ನಿಂದ ವಾಲ್ಯೂಮ್ ತಂತುವಿಗೂ ಗ್ರೌಂಡ್‌ಗೂ ನಡುವಿನ ರೋಧ ಅಳೆದು, ಅದೇ ಮಾದರಿಯ ಒಳ್ಳೆಯ ಬೋರ್ಡಿನೊಂದಿಗೆ ಹೋಲಿಸಬೇಕು. ಬಟನ್‌ಗಳನ್ನು ಬೋರ್ಡಿಗೆ ಜೋಡಿಸುವ ತೆಳು ಫ್ಲೆಕ್ಸ್ ಕೇಬಲ್ ಬಿಡಿಸಿದ ಕೂಡಲೇ ಬೋರ್ಡಿನ ಅಳತೆ ಸರಿಯಾದರೆ ಸೋರಿಕೆ ಆ ಕೇಬಲ್ಲಿನಲ್ಲಿದೆ ಎಂದಾಯಿತು. ಅದನ್ನು ಬದಲಾಯಿಸುವುದು ಸುಲಭ. ಬಿಡಿಸಿದ ಮೇಲೂ ಅಳತೆ ಕಡಿಮೆಯೇ ಇದ್ದರೆ ಬೋರ್ಡಿನ ಕನೆಕ್ಟರ್ ಸುತ್ತ, ಅಥವಾ ಸ್ಥಾಯಿ ವಿದ್ಯುತ್ತಿನಿಂದ ಕಾಯಲು ಆ ತಂತುವಿಗೆ ಹಾಕಿದ ಪುಟ್ಟ ಬಿಡಿಭಾಗದಲ್ಲಿ ಹುಡುಕಬೇಕು. ತಾಮ್ರದ ಕಿಲುಬು ಹಸಿರಾಗಿ, ತವರದ್ದು ಸಾಮಾನ್ಯವಾಗಿ ಬಿಳಿಯಾಗಿ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ತೊಳೆಯುವ ಕ್ರಮದಲ್ಲಿ ಒಂದು ತಪ್ಪು ಬಹಳ ಸಾಮಾನ್ಯ. ಬರೀ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ ಕೈತೊಳೆದುಕೊಳ್ಳುವವರಿದ್ದಾರೆ, ಆದರೆ ಅಡುಗೆ ಉಪ್ಪಿನಂಥ ಲವಣಗಳು ಅದರಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು, ಸಕ್ಕರೆಯೂ ಅಷ್ಟಕ್ಕಷ್ಟೇ. ಲೋಹದ ಮುಚ್ಚಳಗಳನ್ನು ತೆಗೆದು, ಬ್ಯಾಟರಿಯಿಂದ ಬೇರ್ಪಡಿಸಿದ ಬೋರ್ಡನ್ನು ಮೊದಲು ಅಯಾನು ತೆಗೆದ ಶುದ್ಧ ನೀರಿನಲ್ಲಿ ಮೃದು ಬ್ರಷ್‌ನಿಂದಲೋ ಅಲ್ಟ್ರಾಸಾನಿಕ್ ತೊಟ್ಟಿಯಲ್ಲೋ ತೊಳೆದು, ಬಳಿಕ 99 ಶೇಕಡಾ ಆಲ್ಕೋಹಾಲ್‌ನಿಂದ ಆ ನೀರನ್ನು ಹೊರಹಾಕಿ ಒಣಗಿಸಬೇಕು. ಚಿಪ್ಪುಗಳ ಅಡಿಯಲ್ಲಿ ನುಸುಳಿದ್ದು ಇಷ್ಟರಿಂದ ಪೂರ್ತಿ ಹೋಗದಿರಬಹುದು, ತಿಂದುಹೋದ ತಾಮ್ರವಂತೂ ತೊಳೆಯುವುದರಿಂದ ಮರಳಿ ಬರುವುದಿಲ್ಲ.

ರಿಪೇರಿಯಾದ ಫೋನ್ ಅಂಗಡಿಯ ಮೇಜಿನ ಮೇಲೆ ಹತ್ತು ಬಾರಿ ಸರಿಯಾಗಿ ತೆರೆದರೂ ಅದನ್ನೇ ಸಾಕ್ಷಿಯೆಂದು ಒಪ್ಪಬೇಡಿ, ಏಕೆಂದರೆ ಆಗಷ್ಟೇ ಒಣಗಿಸಿ ಕೆಲಸ ಮಾಡಿಸಿದ ಬೋರ್ಡ್ ಬೆಚ್ಚಗಿರುತ್ತದೆ, ಒಣಗಿರುತ್ತದೆ. ರಾತ್ರಿಯಿಡೀ ಆಫ್ ಮಾಡಿಟ್ಟು, ಬೆಳಿಗ್ಗೆ ಚಾರ್ಜಿಗೆ ಹಾಕದೆ ತಣ್ಣಗಿರುವಾಗಲೇ ಆನ್ ಮಾಡಿ ನೋಡಬೇಕು. ತೇವ ಹೆಚ್ಚಿರುವ ದಿನಗಳಲ್ಲಿಯೂ ಅದು ನೇರವಾಗಿ ಆಂಡ್ರಾಯ್ಡ್‌ಗೆ ಹೋದರೆ ಸೋರಿಕೆಯ ದಾರಿ ಮುಚ್ಚಿದೆ ಎಂದು ಹೇಳಬಹುದು.